ಇಪ್ಪತ್ತು ಗ್ರಾಂ ಯಾರ ಲೆಕ್ಕ?

2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬವರು ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ಒಂದು ಪುಟ್ಟ ವಿಡಿಯೊ ಮಾಡಿದರು. ಅದು ದೇಶದ ತುಂಬ ಓಡಾಡಿತು. ಕಂಪನಿ ಲೀಗಲ್ ನೋಟಿಸ್ ಕಳಿಸಿತು, ಅವರು ವಿಡಿಯೊ ತೆಗೆದುಹಾಕಿದರು. ಆ ಗಲಾಟೆಯಲ್ಲಿ ಕಂಪನಿ ಕೊಟ್ಟ ಸಮಜಾಯಿಷಿ ಮಾತ್ರ ಲೇಬಲ್ ಓದುವುದನ್ನು ಕಲಿಯುವವರಿಗೆ ಒಳ್ಳೆಯ ಪಾಠ. ಒಂದು ಸರ್ವಿಂಗ್‌ಗೆ, ಅಂದರೆ 20 ಗ್ರಾಂ ಪುಡಿಗೆ, ಸೇರಿಸಿದ ಸಕ್ಕರೆ ಏಳೂವರೆ ಗ್ರಾಂ. ಸುಮಾರು ಒಂದೂವರೆ ಟೀ ಚಮಚ ಅಷ್ಟೇ ಎಂದು ಅದು ಹೇಳಿತು.

ಈ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಅದೇ ಲೆಕ್ಕವನ್ನು 100 ಗ್ರಾಂಗೆ ಮಾಡಿದರೆ ಸಕ್ಕರೆ ಮೂವತ್ತೇಳೂವರೆ ಗ್ರಾಂ ಆಗುತ್ತದೆ. ಅಂದರೆ ಆಗಿನ ಅರ್ಧ ಕೆ.ಜಿ. ಡಬ್ಬದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರೀ ಸಕ್ಕರೆ. ಮುಂದೆ ಕಂಪನಿಯೇ ಸಕ್ಕರೆಯನ್ನು ಕಡಿಮೆ ಮಾಡಿತು. ‘ಒಂದೂವರೆ ಚಮಚ’ ಎಂದಾಗ ಹಗುರವಾಗಿ ಕಂಡದ್ದು ‘ಮೂರರಲ್ಲೊಂದು ಪಾಲು’ ಎಂದಾಗ ಭಾರವಾಗುತ್ತದೆ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸಕ್ಕರೆಯನ್ನೂ ಅಲ್ಲ, ಕೊಬ್ಬನ್ನೂ ಅಲ್ಲ. ಈ ಅಂಕಿಗಳು ಎಷ್ಟು ಗ್ರಾಂಗೆ ಎಂಬುದನ್ನು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ತಂದ ಲೇಬಲ್ ನಿಯಮದ ಪ್ರಕಾರ ಸಾಮಾನ್ಯವಾಗಿ ಪೋಷಕಾಂಶಗಳನ್ನು 100 ಗ್ರಾಂ ಇಲ್ಲವೇ 100 ಮಿ.ಲೀ. ಲೆಕ್ಕದಲ್ಲಿ ಬರೆಯಬೇಕು. ಅದರ ಪಕ್ಕದಲ್ಲಿ, ಒಂದು ಸರ್ವಿಂಗ್ ತಿಂದರೆ ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಆಗುತ್ತದೆ ಎಂಬುದೂ ಇರಬೇಕು. ಸರ್ವಿಂಗ್ ಎಷ್ಟು ಗ್ರಾಂ ಎಂದು ಬರೆಯುವುದು ಕಂಪನಿ. ಅಲ್ಲಿಯೇ ಆಟ ಇರುವುದು. ಸರ್ವಿಂಗ್ ಚಿಕ್ಕದಾದಷ್ಟೂ ಶೇಕಡಾವಾರು ಅಂಕಿ ಸಾಧುವಾಗಿ ಕಾಣುತ್ತದೆ.

ಆ ಶೇಕಡಾವಾರಿನಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ. ಅದು ದಿನಕ್ಕೆ 2000 ಕಿಲೊಕ್ಯಾಲರಿ ಬೇಕಾದ ವಯಸ್ಕರ ಲೆಕ್ಕ. ಅವರಿಗೆ ಸೇರಿಸಿದ ಸಕ್ಕರೆಯ ಮಿತಿ 50 ಗ್ರಾಂ, ಸೋಡಿಯಂ 2000 ಮಿ.ಗ್ರಾಂ. ಆದರೆ ಹಾಲಿಗೆ ಬೆರೆಸುವ ಪುಡಿಯನ್ನು ಕುಡಿಯುವುದು ಐದು ವರ್ಷದ ಮಗು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ದಿನಕ್ಕೆ ಸುಮಾರು 1360 ಕಿಲೊಕ್ಯಾಲರಿ ಸಾಕು ಎನ್ನುತ್ತದೆ ಐಸಿಎಂಆರ್. ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಹತ್ತನೇ ಒಂದು ಪಾಲನ್ನು ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ಇದನ್ನು ಹೊಂದಿಸಿದರೆ, ಮಗುವಿನ ಮಿತಿ 34 ಗ್ರಾಂಗೆ ಇಳಿಯುತ್ತದೆ. ಏಳೂವರೆ ಗ್ರಾಂ ಸಕ್ಕರೆ ವಯಸ್ಕರ ಲೆಕ್ಕದಲ್ಲಿ ಶೇ 15 ಆದರೆ, ಮಗುವಿನ ಲೆಕ್ಕದಲ್ಲಿ ಶೇ 22. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕೊಟ್ಟರೆ ಶೇ 44. ಅಮ್ಮ ಪ್ರೀತಿಯಿಂದ ಚಮಚವನ್ನು ಗೋಪುರದಂತೆ ತುಂಬಿಸಿದರೆ ಇನ್ನೂ ಹೆಚ್ಚು. ಬಿಸ್ಕತ್ತು, ಜಾಮ್, ಚಾಕೊಲೇಟಿನ ಸರದಿ ಇನ್ನೂ ಬಂದೇ ಇಲ್ಲ.

ಪಟ್ಟಿಯಲ್ಲಿ ಸಕ್ಕರೆಗೆ ಎರಡು ಸಾಲು ಇರುತ್ತವೆ. ‘ಒಟ್ಟು ಸಕ್ಕರೆ’ಯಲ್ಲಿ ಹಾಲಿನ, ಹಣ್ಣಿನ ಸಹಜ ಸಕ್ಕರೆಯೂ ಸೇರಿರುತ್ತದೆ, ‘ಸೇರಿಸಿದ ಸಕ್ಕರೆ’ ಕಾರ್ಖಾನೆಯಲ್ಲಿ ಹಾಕಿದ್ದು. ಎರಡನೆಯದೇ ಮುಖ್ಯ. ಆದರೆ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಈ ಎರಡು ಸಾಲಿಗೂ ಸಿಗದೆ ‘ಕಾರ್ಬೊಹೈಡ್ರೇಟ್’ ಎಂಬ ದೊಡ್ಡ ಸಾಲಿನಲ್ಲಿ ಕುಳಿತಿರುತ್ತದೆ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಅದು ಸಕ್ಕರೆಗೇನೂ ಕಡಿಮೆಯಿಲ್ಲ. ಮಧುಮೇಹ ಇರುವವರು ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರನ್ನು ಹುಡುಕುವುದು ಒಳ್ಳೆಯದು.

ಉಪ್ಪಿನ ಕಥೆ ಬೇರೆ. ಅದನ್ನು ನಾಲಿಗೆ ಗುರುತಿಸುತ್ತದೆಂದು ಎಲ್ಲರೂ ನಂಬಿರುತ್ತಾರೆ. ಪಟ್ಟಿಯಲ್ಲಿ ಬರೆಯುವುದು ಉಪ್ಪನ್ನಲ್ಲ, ಸೋಡಿಯಂ ಅನ್ನು, ಅದೂ ಮಿಲಿಗ್ರಾಂನಲ್ಲಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಲೆಕ್ಕಕ್ಕೆಂದು 200 ಗ್ರಾಂನ ಒಂದು ಅವಲಕ್ಕಿ ಮಿಕ್ಸ್ಚರ್ ಪ್ಯಾಕೆಟ್ ಇಟ್ಟುಕೊಳ್ಳೋಣ: 100 ಗ್ರಾಂಗೆ ಸೋಡಿಯಂ 800 ಮಿ.ಗ್ರಾಂ, ಸರ್ವಿಂಗ್ 20 ಗ್ರಾಂ. ಲೇಬಲ್ ಶೇ 8 ಎಂದು ತೋರಿಸುತ್ತದೆ, ಯಾರಿಗೂ ಗಾಬರಿಯಾಗದು. ಆದರೆ 20 ಗ್ರಾಂ ಮಿಕ್ಸ್ಚರ್ ಎಂದರೆ ಒಂದು ಹಿಡಿಯೂ ಸರಿಯಾಗಿ ಆಗುವುದಿಲ್ಲ. ಸಂಜೆ ಚಹಾದ ಜೊತೆ ಮಾತಾಡುತ್ತ ಕೂತವರ ಬಟ್ಟಲಿಗೆ 60 ಗ್ರಾಂ ಸುಲಭವಾಗಿ ಬೀಳುತ್ತದೆ. ಆಗ ಸೋಡಿಯಂ 480 ಮಿ.ಗ್ರಾಂ, ಉಪ್ಪು 1.2 ಗ್ರಾಂ, ದಿನದ ಮಿತಿಯ ಹೆಚ್ಚುಕಡಿಮೆ ಕಾಲು ಭಾಗ. ಟಿವಿ ಮುಂದೆ ಪ್ಯಾಕೆಟ್ ಪೂರ್ತಿ ಖಾಲಿಯಾದರೆ ನಾಲ್ಕು ಗ್ರಾಂ ಉಪ್ಪು. ದಿನಕ್ಕೆ ಇರುವುದೇ ಐದು ಗ್ರಾಂ; ರಾತ್ರಿಯ ಸಾರು, ಉಪ್ಪಿನಕಾಯಿ ಆಮೇಲೆ.

ಸಿಹಿ ಬಿಸ್ಕತ್ತಿನಲ್ಲಿ ಸೋಡಿಯಂ ಎಲ್ಲಿಂದ ಬಂತು ಎಂದು ಕೆಲವರು ಬೆರಗಾಗುತ್ತಾರೆ. ಹಿಟ್ಟು ಉಬ್ಬಲು ಹಾಕುವ ಸೋಡಾ ಕೂಡ ಸೋಡಿಯಂನದೇ ಸಂಯುಕ್ತ. ಪದಾರ್ಥಗಳ ಪಟ್ಟಿಯಲ್ಲಿ 500 ಎಂಬ ಸಂಖ್ಯೆಯಾಗಿ ಅದು ಕಾಣುತ್ತದೆ; ರುಚಿ ಹೆಚ್ಚಿಸುವ 621, ಕೆಡದಂತೆ ಇಡುವ 211 ಅದರ ಬಂಧುಗಳು. ರಕ್ತದೊತ್ತಡ ಇರುವವರು ಖಾರದ ತಿಂಡಿ ಬಿಟ್ಟು ಸಿಹಿ ಬಿಸ್ಕತ್ತಿಗೆ ಹೋದರೆ ಸೋಡಿಯಂ ಪೂರ್ತಿ ತಪ್ಪುವುದಿಲ್ಲ.

ಇನ್ನು ಮುಂಬದಿ. ರಾಗಿ ತೆನೆಯ ಚಿತ್ರ, ಹಸಿರು ಬಣ್ಣ, ‘ಮಲ್ಟಿಗ್ರೇನ್’ ಎಂಬ ದಪ್ಪ ಅಕ್ಷರ. ಪೊಟ್ಟಣವನ್ನು ತಿರುಗಿಸಿದರೆ ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಹೆಸರು ಮೈದಾ ಆಗಿದ್ದರೆ, ಅದು ಮೈದಾ ಬಿಸ್ಕತ್ತು. ಮುಂಬದಿಯಲ್ಲಿ ರಾಗಿಯನ್ನು ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ್ದರೆ ಅದರ ಶೇಕಡಾವಾರು ಪ್ರಮಾಣ ಕೊಡಬೇಕೆಂಬ ನಿಯಮವಿದೆ. ಆದ್ದರಿಂದ ರಾಗಿ ಎಂಬ ಪದದ ಪಕ್ಕದ ಆವರಣದಲ್ಲಿರುವ ಪುಟ್ಟ ಸಂಖ್ಯೆಯನ್ನು ಓದಿದರೆ ತೆನೆಯ ಚಿತ್ರದ ಬೆಲೆ ಗೊತ್ತಾಗುತ್ತದೆ. ಸಕ್ಕರೆ, ದ್ರವ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂದು ಸಿಹಿಯನ್ನು ಮೂರು ಹೆಸರಿಗೆ ಒಡೆದಿದ್ದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಮೂರನ್ನೂ ಕೂಡಿಸಿದ ಉತ್ತರ ‘ಸೇರಿಸಿದ ಸಕ್ಕರೆ’ಯ ಸಾಲಿನಲ್ಲಿ ಸಿಗುತ್ತದೆ.

ಕೆಲವು ಹೇಳಿಕೆಗಳು ನಿಜವಾಗಿದ್ದೂ ಹುರುಳಿಲ್ಲದವು. ಅಡುಗೆ ಎಣ್ಣೆಯ ಮೇಲಿನ ‘ಕೊಲೆಸ್ಟರಾಲ್ ಇಲ್ಲ’ ಅಂಥದ್ದು. ಸಸ್ಯಜನ್ಯ ಎಣ್ಣೆಯಲ್ಲಿ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದೇ ಇಲ್ಲ. ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿಗಂತೂ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಆ ಕಾರಣಕ್ಕೇ 2024ರ ಏಪ್ರಿಲ್‌ನಲ್ಲಿ, ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು.

ಅದೇ ವರ್ಷ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಮತ್ತೊಂದು ಆದೇಶ ಹೊರಡಿಸಿತು: ಮರುನೀರು ಬೆರೆಸಿ ತಯಾರಿಸಿದ ರಸದ ಪೊಟ್ಟಣದ ಮೇಲೆ ‘100% ಹಣ್ಣಿನ ರಸ’ ಎಂದು ಬರೆಯುವಂತಿಲ್ಲ. ಅಂಥ ರಸದ ಪದಾರ್ಥ ಪಟ್ಟಿ ಚಿಕ್ಕದು, ಓದಲು ಅರ್ಧ ನಿಮಿಷವೂ ಬೇಡ. ಅದರ ಮೊದಲ ಹೆಸರು ಹೆಚ್ಚಾಗಿ ನೀರು, ಆಮೇಲೆ ಗಟ್ಟಿಗೊಳಿಸಿದ ಹಣ್ಣಿನ ರಸ. ಪ್ರತಿ ಕಿಲೊಗೆ 15 ಗ್ರಾಂಗಿಂತ ಹೆಚ್ಚು ಸಕ್ಕರೆ ಸೇರಿಸಿದ್ದರೆ ಅದನ್ನು ‘ಸಿಹಿಗೊಳಿಸಿದ ರಸ’ ಎಂದು ಪೊಟ್ಟಣದ ಮೇಲೆಯೇ ಬರೆಯಬೇಕು.