ಮೂರು ಕ್ಯಾಲೆಂಡರ್, ಒಂದು ಮೀಟಿಂಗ್

ಮೂವರ ಕ್ಯಾಲೆಂಡರ್ ಸ್ಕ್ರೀನ್‌ಶಾಟ್ ಮುಂದಿಟ್ಟುಕೊಂಡು ಮೀಟಿಂಗಿಗೆ ಸಮಯ ಹುಡುಕುವಾಗ ಕಣ್ಣು ಖಾಲಿ ಜಾಗಗಳತ್ತ ಓಡುತ್ತದೆ. ಮೊದಲು ಬರೆದುಕೊಳ್ಳಬೇಕಾದದ್ದು ಬಿಡುವನ್ನಲ್ಲ, ಕೆಲಸವಿರುವ ಹೊತ್ತನ್ನು. ಮೂವರ ಕೆಲಸದ ಹೊತ್ತನ್ನೂ ಒಂದೇ ಪಟ್ಟಿಗೆ ಸೇರಿಸಿದರೆ, ಉಳಿದದ್ದೇ ಎಲ್ಲರ ಬಿಡುವು.

ಜನವರಿಯ ಒಂದು ದಿನ. ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಲಂಡನ್ನಿನಲ್ಲಿ. ಸ್ಕ್ರೀನ್‌ಶಾಟ್‌ಗಳಲ್ಲಿ ಅವರವರ ಊರಿನ ಗಂಟೆಯೇ ಇರುವುದರಿಂದ ಲಂಡನ್ ವೇಳೆಗೆ ಐದೂವರೆ ಗಂಟೆ ಕೂಡಿಸಬೇಕು. ಅಲ್ಲಿಯ ಬೆಳಗಿನ 9 ಎಂದರೆ ನಮ್ಮ ಮಧ್ಯಾಹ್ನ 2.30. ಬೆಂಗಳೂರಿನವರು ಸಂಜೆ 6ಕ್ಕೆ ಹೊರಡುತ್ತಾರೆ. ಹಾಗಾಗಿ ನೋಡಬೇಕಾದದ್ದು 2.30ರಿಂದ 6ರವರೆಗೆ ಮಾತ್ರ.

ಬೆಂಗಳೂರಿನ ಮೊದಲನೆಯವರಿಗೆ 3ರಿಂದ 3.30 ಕೆಲಸ. ಎರಡನೆಯವರಿಗೆ 2.30ರಿಂದ 3, ಮತ್ತೆ 5ರಿಂದ 6. ಲಂಡನ್ನಿನವರಿಗೆ ಅಲ್ಲಿಯ 10.30ರಿಂದ 11, ಅಂದರೆ ನಮ್ಮ 4ರಿಂದ 4.30. ಉಳಿದದ್ದು 3.30ರಿಂದ 4 ಮತ್ತು 4.30ರಿಂದ 5. ಅರ್ಧ ಗಂಟೆಯ ಮೀಟಿಂಗಿಗೆ ಎರಡು ಅವಕಾಶ. ಒಂದು ಗಂಟೆಯದಕ್ಕೆ ಆ ದಿನ ಜಾಗವೇ ಇಲ್ಲ.

ಲೆಕ್ಕ ಸರಿಯಿದ್ದರೂ ಚಿತ್ರ ದಾರಿ ತಪ್ಪಿಸಬಹುದು. ಇಡೀ ದಿನದ ರಜೆ ಗಂಟೆಗಳ ಸಾಲಿನಲ್ಲಿ ಕಾಣದೆ ಮೇಲಿನ ಪಟ್ಟಿಯಲ್ಲಿರುತ್ತದೆ; ಚಿತ್ರ ಕತ್ತರಿಸಿದರೆ ಅದೇ ಮಾಯ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಕೂಡಿಸಬೇಕಾದದ್ದು ನಾಲ್ಕೂವರೆ ಗಂಟೆ. ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬಂದ ಕೆಲಸವೂ ಅದರಲ್ಲಿರುವುದಿಲ್ಲ. ಆದ್ದರಿಂದ ಸಿಕ್ಕ ಎರಡೂ ವೇಳೆಯನ್ನು ಮೂವರಿಗೂ ಕಳಿಸಿ, ಒಪ್ಪಿಗೆ ಬಂದ ಮೇಲಷ್ಟೇ ಮೀಟಿಂಗ್ ಗೊತ್ತುಮಾಡಿ.