ಆಷಾಢದ ಎಂಟು ವಾರಕ್ಕೆ ಎಂಥ ಸಾಲ?

ಬಟ್ಟೆ ಅಂಗಡಿಯವರಿಗೆ ಆಷಾಢದಲ್ಲಿ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮುಹೂರ್ತಗಳಿಲ್ಲ, ಹಾಗಾಗಿ ಗಿರಾಕಿಗಳಿಲ್ಲ. ಮದುವೆ ಹಂಗಾಮಿಗೆಂದು ಸೂರತ್‌ನಿಂದ ಅರವತ್ತು ದಿನದ ಉದ್ರಿಗೆ ತರಿಸಿದ ಮಾಲಿನ ಹಣ ಕಟ್ಟುವ ಗಡುವೂ ಇದೇ ಹೊತ್ತಿಗೆ ಬರುತ್ತದೆ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಸೀರೆಗಳನ್ನು ಈಗಲೇ ತುಂಬಿಕೊಳ್ಳಬೇಕು. ಅಂಗಡಿ ನಷ್ಟದಲ್ಲಿಲ್ಲ, ಆದರೂ ಗಲ್ಲಾ ಖಾಲಿ. ಇಂಥ ಹೊತ್ತಿನಲ್ಲಿ ಫೋನಿಗೆ ಬರುವ ‘ಹತ್ತೇ ನಿಮಿಷದಲ್ಲಿ ಪರ್ಸನಲ್ ಲೋನ್’ ಸಂದೇಶ ದೇವರು ಕಳಿಸಿದಂತೆಯೇ ಕಾಣುತ್ತದೆ.

ಲೆಕ್ಕಕ್ಕೆಂದು ದಾವಣಗೆರೆಯಲ್ಲೊಂದು ಸಣ್ಣ ಅಂಗಡಿ ಇದೆ ಎಂದುಕೊಳ್ಳೋಣ. ವರ್ಷದ ವಹಿವಾಟು 45 ಲಕ್ಷ ರೂಪಾಯಿ. ಕೊರತೆ ಒಂದೇ ದಿನ ಬಂದು ನಿಲ್ಲುವುದಿಲ್ಲ, ವಾರದಿಂದ ವಾರಕ್ಕೆ ಏರುತ್ತದೆ. ಮೊದಲ ವಾರ ಬಾಡಿಗೆ, ಹುಡುಗರ ಸಂಬಳಕ್ಕೆ 40 ಸಾವಿರ ಕಡಿಮೆ ಬೀಳುತ್ತದೆ. ಎರಡನೇ ವಾರಕ್ಕೆ ಒಟ್ಟು ಕೊರತೆ 90 ಸಾವಿರ, ಮೂರನೆಯದಕ್ಕೆ 1.4 ಲಕ್ಷ. ನಾಲ್ಕು, ಐದನೇ ವಾರಗಳಲ್ಲಿ ಅದು 2 ಲಕ್ಷ ಮುಟ್ಟುತ್ತದೆ. ಶ್ರಾವಣ ಬಂದ ಮೇಲೆ 1.7 ಲಕ್ಷ, 1.3 ಲಕ್ಷ, 70 ಸಾವಿರ ಎಂದು ಇಳಿದು ಒಂಬತ್ತನೇ ವಾರ ತೀರಿಹೋಗುತ್ತದೆ.

ಮೂರು ಲಕ್ಷ ಮಿತಿಯ ಓವರ್‌ಡ್ರಾಫ್ಟ್, ವ್ಯಾಪಾರಿಗಳ ಬಾಯಲ್ಲಿ ಓಡಿ, ಶೇ. 13ರ ದರದಲ್ಲಿ ಈ ಅಂಗಡಿಗೆ ಇದ್ದರೆ ಬಡ್ಡಿ ಬೀಳುವುದು ಆಯಾ ದಿನ ಎಷ್ಟು ತೆಗೆದಿದ್ದೇವೋ ಅಷ್ಟಕ್ಕೆ ಮಾತ್ರ. ಸಂಜೆ ಗಲ್ಲಾದ ಹತ್ತು ಸಾವಿರ ಖಾತೆಗೆ ಹೋದರೆ ಅಂದಿನಿಂದಲೇ ಅಷ್ಟರ ಬಡ್ಡಿ ನಿಲ್ಲುತ್ತದೆ. ಎಂಟು ವಾರಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಬಡ್ಡಿ ಸುಮಾರು 2,600 ರೂಪಾಯಿ. ಮಿತಿ ಮಂಜೂರು ಮಾಡುವ ಶುಲ್ಕ ಶೇ. 1 ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ 3,540. ಬಡ್ಡಿಗಿಂತ ಶುಲ್ಕವೇ ಹೆಚ್ಚಾಯಿತು! ಆದರೆ ಆ ಶುಲ್ಕ ಇಡೀ ವರ್ಷಕ್ಕೆ. ದೀಪಾವಳಿಯ ಖರೀದಿಗೂ ಅದೇ ಮಿತಿ ಬಳಸಬಹುದು.

ಇನ್ನು ಅದೇ ಎರಡು ಲಕ್ಷವನ್ನು ಪರ್ಸನಲ್ ಲೋನ್ ಆಗಿ, ಶೇ. 16ಕ್ಕೆ, ಹನ್ನೆರಡು ಕಂತುಗಳಲ್ಲಿ ತೀರಿಸುವಂತೆ ಪಡೆದರೆ? ಶೇ. 2 ಶುಲ್ಕ ಮತ್ತು ಅದರ ಜಿಎಸ್‌ಟಿ, ಒಟ್ಟು 4,720 ರೂಪಾಯಿ ಮುರಿದುಕೊಂಡೇ ಹಣ ಕೈಗೆ ಬರುತ್ತದೆ. ಎರಡೂ ಲಕ್ಷಕ್ಕೆ ಮೊದಲ ದಿನದಿಂದಲೇ ಬಡ್ಡಿ, ಬೇಕಾಗಿದ್ದದ್ದು 40 ಸಾವಿರವೇ ಆಗಿದ್ದರೂ. ತಿಂಗಳ ಕಂತು 18,146, ವರ್ಷದ ಬಡ್ಡಿ 17,750ರ ಆಸುಪಾಸು. ಶುಲ್ಕವೂ ಸೇರಿ 22 ಸಾವಿರ ದಾಟಿತು.

ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೊದಲ ಕಂತಿನ ತಾರೀಖು. ಸಾಲ ಪಡೆದ ಒಂದು ತಿಂಗಳಿಗೆ, ಅಂದರೆ ಕೊರತೆ ತುತ್ತತುದಿಯಲ್ಲಿರುವ ನಾಲ್ಕೈದನೇ ವಾರದಲ್ಲೇ, ಖಾತೆಯಿಂದ 18 ಸಾವಿರ ಕಡಿತವಾಗುತ್ತದೆ. ಅದನ್ನು ಸರಿದೂಗಿಸಲು ಮೊದಲೇ ಎರಡೂಕಾಲು ಲಕ್ಷ ಎತ್ತಬೇಕಾಗುತ್ತದೆ. ಶ್ರಾವಣದಲ್ಲಿ ಹಣ ಬಂದೊಡನೆ ತೀರಿಸಿಬಿಡೋಣ ಎಂದರೂ ಸಲೀಸಲ್ಲ. ಬಡ್ಡಿದರ ಬದಲಾಗದ ಪರ್ಸನಲ್ ಲೋನುಗಳಿಗೆ ಅವಧಿಗೆ ಮುನ್ನ ಮುಗಿಸುವ ಶುಲ್ಕ ಸಾಮಾನ್ಯ. ಮೂರು ಕಂತಿನ ನಂತರ ಉಳಿದ ಅಸಲಿನ ಮೇಲೆ ಶೇ. 4 ಮತ್ತು ಜಿಎಸ್‌ಟಿ ತೆತ್ತು ಮುಗಿಸಿದರೆ ಈ ಅಂಗಡಿಗೆ ಉಳಿಯುವುದು ಬರೀ ಮೂರು ಸಾವಿರ.

ಮೊಬೈಲ್ ಸಾಲದಲ್ಲಿ ಇನ್ನೊಂದು ತಿರುವಿದೆ. ‘ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ’ ಎಂದರೆ ಶೇ. 18 ಎಂದುಕೊಳ್ಳುತ್ತೇವೆ. ಅಸಲು ತೀರುತ್ತಾ ಬಂದರೂ ಪೂರ್ತಿ ಎರಡು ಲಕ್ಷದ ಮೇಲೆಯೇ ಬಡ್ಡಿ ಹಾಕಿದರೆ ನಿಜವಾದ ದರ ಶೇ. 32ರ ಹತ್ತಿರ ಹೋಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ಸಹಿ ಹಾಕುವ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡುವುದು ಕಡ್ಡಾಯ. ಅದರಲ್ಲಿ ಎಪಿಆರ್ ಎಂಬ ಸಾಲನ್ನು ಹುಡುಕಿ. ಶುಲ್ಕಗಳನ್ನೂ ಸೇರಿಸಿದ ಅಸಲಿ ವಾರ್ಷಿಕ ದರ ಅಲ್ಲಿರುತ್ತದೆ.

ಹಾಗಾದರೆ ಎಲ್ಲರೂ ಓಡಿ ಏಕೆ ಮಾಡಿಸುವುದಿಲ್ಲ? ಬೇಕೆಂದಾಗ ಸಿಗುವುದಿಲ್ಲ, ಅದಕ್ಕೆ. ಬ್ಯಾಂಕು ಉದ್ಯಮ್ ನೋಂದಣಿ, ಆದಾಯ ತೆರಿಗೆ ಮತ್ತು ಜಿಎಸ್‌ಟಿ ರಿಟರ್ನ್, ಒಂದು ವರ್ಷದ ಖಾತೆ ವಿವರ ಕೇಳುತ್ತದೆ. ಓಡಾಟಕ್ಕೆ ವಾರಗಳೇ ಹಿಡಿಯುತ್ತವೆ. ಸಣ್ಣ ಉದ್ಯಮಗಳಿಗೆ ದುಡಿಯುವ ಬಂಡವಾಳವನ್ನು ಅಂದಾಜು ವಹಿವಾಟಿನ ಶೇ. 20ರಂತೆ ಲೆಕ್ಕ ಹಾಕುವ ಪದ್ಧತಿ ನಾಯಕ್ ಸಮಿತಿಯ ಕಾಲದಿಂದ ಇದೆ. ನಮ್ಮ ಅಂಗಡಿಗೆ ಅದು 9 ಲಕ್ಷವಾಗುತ್ತದೆ. ಆದರೆ ಬ್ಯಾಂಕಿನ ಕಣ್ಣಿಗೆ ಕಾಣುವುದು ಖಾತೆಗೆ ಬಂದ, ರಿಟರ್ನ್‌ನಲ್ಲಿ ತೋರಿಸಿದ ವಹಿವಾಟು ಮಾತ್ರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಾಗ ನಮ್ಮ ಕೆಲವು ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತುಹಾಕಿ ನಗದಿಗೆ ಮರಳಿದರು. ಅವರ ಭಯ ಅರ್ಥವಾಗುತ್ತದೆ. ಆದರೆ ಖಾತೆಗೆ ಬಾರದ ರೂಪಾಯಿ ಓಡಿ ಮಿತಿಯನ್ನೂ ಕುಗ್ಗಿಸುತ್ತದೆ.

ಮಂಜೂರಾದ ಮಿತಿಯೆಲ್ಲ ತೆಗೆಯಲು ಸಿಗುತ್ತದೆಂದೂ ಇಲ್ಲ. ದಾಸ್ತಾನಿನ ಆಧಾರದ ಓಡಿಯಲ್ಲಿ ಉದ್ರಿ ಬಾಕಿ ಇರುವ ಮಾಲನ್ನು ಬ್ಯಾಂಕು ನಿಮ್ಮದೆಂದು ಎಣಿಸುವುದಿಲ್ಲ. ಅಂಗಡಿಯಲ್ಲಿ 8 ಲಕ್ಷದ ಮಾಲಿದ್ದು, ಸೂರತ್‌ಗೆ 5 ಲಕ್ಷ ಕೊಡುವುದಿದ್ದರೆ ಉಳಿದದ್ದು 3 ಲಕ್ಷ. ಅದರಲ್ಲಿ ಶೇ. 25 ಮಾರ್ಜಿನ್ ಕಳೆದರೆ ತೆಗೆಯಬಹುದಾದದ್ದು ಎರಡೂಕಾಲು ಲಕ್ಷ. ನಿಶ್ಚಿತ ಠೇವಣಿ ಇದ್ದವರಿಗೆ ಈ ಯಾವ ರಗಳೆಯೂ ಇಲ್ಲ. ಅದನ್ನು ಮುರಿಯದೆ, ಸಾಮಾನ್ಯವಾಗಿ ಶೇ. 90ರವರೆಗೆ, ಠೇವಣಿಯ ಬಡ್ಡಿಗಿಂತ ಒಂದೆರಡು ಶೇಕಡಾ ಹೆಚ್ಚಿನ ದರದಲ್ಲಿ ಓಡಿ ಸಿಗುತ್ತದೆ. ಹೆಂಡತಿಯ ಹೆಸರಿನ ಎರಡೂವರೆ ಲಕ್ಷದ ಠೇವಣಿ, ಆಕೆಯ ಒಪ್ಪಿಗೆಯಿದ್ದರೆ, ಈ ಆಷಾಢವನ್ನು ಅಗ್ಗವಾಗಿ ದಾಟಿಸುತ್ತದೆ.

ಓಡಿಯ ಅಪಾಯ ಅದರ ಸಲಿಗೆಯಲ್ಲೇ ಇದೆ. ಕಂತು ಇಲ್ಲ, ಹಾಗಾಗಿ ಅಸಲು ತೀರಿಸೆಂದು ಪ್ರತಿ ತಿಂಗಳು ಯಾರೂ ಕೇಳುವುದಿಲ್ಲ. ಮೂರು ಲಕ್ಷವೂ ವರ್ಷವಿಡೀ ತುಂಬಿಯೇ ಇದ್ದರೆ 39 ಸಾವಿರ ಬಡ್ಡಿ ಕಟ್ಟಿಯೂ ಸಾಲ ಇದ್ದಷ್ಟೇ ಇರುತ್ತದೆ. ಹಳೆಯ ಪಾಸ್‌ಬುಕ್ ತೆಗೆದು ಹಿಂದಿನ ಮೂರು ಗಣೇಶ ಹಬ್ಬಗಳ ಆಚೀಚಿನ ಪುಟ ನೋಡಿ. ಪ್ರತಿ ಸಲವೂ ಶಿಲ್ಕು ಮೇಲೆದ್ದಿದ್ದರೆ ಇದು ಬರೀ ಕಾಲದ ಅಂತರ. ಓಡಿ ಅದಕ್ಕೆ ಹೇಳಿ ಮಾಡಿಸಿದ್ದು. ಏಳದೇ ಹೋಗಿದ್ದರೆ ಹಣ ಬೇರೆಲ್ಲೋ ಸಿಕ್ಕಿಕೊಂಡಿದೆ: ಅಂಗಡಿಯ ಹೊಸ ಶೋಕೇಸಿನಲ್ಲೋ, ಮಾರಾಟವಾಗದ ಸೀರೆಗಳಲ್ಲೋ, ಮನೆಯ ಮದುವೆಯಲ್ಲೋ. ಅಂಥ ಹಣಕ್ಕೆ ಕಂತಿನ ಸಾಲವೇ ಮೇಲು, ದುಬಾರಿಯಾದರೂ. ಅದಕ್ಕೊಂದು ಕೊನೆಯ ತಾರೀಖು ಇರುತ್ತದೆ. ಚಾಲ್ತಿ ಖಾತೆಯೂ ರಿಟರ್ನೂ ಇಲ್ಲದ ಹೊಸ ಅಂಗಡಿಗೂ ಸದ್ಯಕ್ಕೆ ಅದೇ ಗತಿ. ಬೇಗ ಮುಗಿಸಲು ಶುಲ್ಕವಿಲ್ಲದ್ದನ್ನು ಹುಡುಕಿದರೆ ಒಳ್ಳೆಯದು.

ಓಡಿ ತೆಗೆದವರು ಮರೆಯುವ ನಿಯಮವೊಂದಿದೆ. ಮಿತಿ ದಾಟದಿದ್ದರೂ, ಬಿದ್ದ ಬಡ್ಡಿಯಷ್ಟಾದರೂ ಜಮೆ 90 ದಿನಗಳಲ್ಲಿ ಬಾರದಿದ್ದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಮಾರಾಟದ ಹಣವನ್ನೆಲ್ಲ ಬೇರೆ ಬ್ಯಾಂಕಿನ ಉಳಿತಾಯ ಖಾತೆಯ ಕ್ಯೂಆರ್‌ಗೆ ಹಾಕಿಸಿಕೊಳ್ಳುವವರು ಹೀಗೆ ಸಿಕ್ಕಿಬೀಳುತ್ತಾರೆ.

ಅರ್ಜಿ ಹಾಕುವ ತಿಂಗಳನ್ನೂ ಯೋಚಿಸಿ ಆರಿಸಬೇಕು. ಮಿತಿ ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಜುಲೈನಲ್ಲಿ ಮಂಜೂರಾದದ್ದು ಮುಂದಿನ ಜುಲೈನಲ್ಲಿ, ಖಾತೆ ಸೊರಗಿರುವಾಗಲೇ, ಮ್ಯಾನೇಜರ್ ಮೇಜಿನ ಮೇಲೆ ಹೋಗುತ್ತದೆ. ಮದುವೆ ಮಾಲು ಬಿಕರಿಯಾಗುತ್ತಿರುವ ಏಪ್ರಿಲ್, ಮೇ ತಿಂಗಳಲ್ಲಿ ಅರ್ಜಿ ಕೊಟ್ಟವರ ಕಡತ ಪ್ರತಿ ವರ್ಷವೂ ತುಂಬಿದ ಖಾತೆಯೊಂದಿಗೆ ಅಲ್ಲಿಗೆ ಹೋಗುತ್ತದೆ.