ಹಬ್ಶಾದ ಹೊಲಗಳು, ಹಡಗುಗಳು ಮತ್ತು ನಾಣ್ಯಗಳು

ಪ್ರವಾದಿತ್ವದ ಐದನೆಯ ವರ್ಷ ಮಕ್ಕಾದ ಹಿಂಸೆಯಿಂದ ಪಾರಾಗಲು ಸಹಾಬಿಗಳ ಒಂದು ಸಣ್ಣ ತಂಡ ಅಬಿಸೀನಿಯಾಕ್ಕೆ ಹಿಜ್ರಾ ಹೋದ ವಿಷಯವನ್ನು ನಾವು ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಶುಐಬಾದ ಕಡಲ ತೀರದಲ್ಲಿ ಎರಡು ವ್ಯಾಪಾರಿ ಹಡಗುಗಳು ಸಿಕ್ಕವು, ಅರ್ಧ ದೀನಾರ್ ಬಾಡಿಗೆಗೆ ಅವರನ್ನು ಆಚೆ ದಡ ಸೇರಿಸಿದವು ಎಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಆ ಹಡಗುಗಳು ಸುಮ್ಮನೆ ಅಲ್ಲಿಗೆ ಬಂದವಲ್ಲ. ನಜ್ಜಾಶಿ ದೊರೆಗಳ ನಾಡು ಹಲವು ಶತಮಾನಗಳಿಂದ ಕೆಂಪು ಸಮುದ್ರದಲ್ಲಿ ವ್ಯಾಪಾರ ಮಾಡುತ್ತಿತ್ತು.

ಆ ರಾಜ್ಯದ ರಾಜಧಾನಿ ಅಕ್ಸುಮ್. ಅದು ಇಂದಿನ ಇಥಿಯೋಪಿಯಾದ ಉತ್ತರದಲ್ಲಿ, ಸಮುದ್ರ ಮಟ್ಟದಿಂದ 2,000 ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಮಳೆ ಬೀಳುವ ಆ ತಂಪು ನೆಲದಲ್ಲಿ ಗೋಧಿ, ಬಾರ್ಲಿ ಮತ್ತು ಟೆಫ್ ಎಂಬ ಕಿರುಧಾನ್ಯ ಬೆಳೆಯುತ್ತಿದ್ದವು. ಬಂದರು ಅದೂಲಿಸ್ ಮಾತ್ರ ಕೆಳಗೆ, ಇಂದಿನ ಎರಿಟ್ರಿಯಾದ ಬಿಸಿ ಕರಾವಳಿಯಲ್ಲಿತ್ತು. ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯೊಂದು ಈ ದಾರಿಯನ್ನು ಲೆಕ್ಕ ಹಾಕಿದೆ: ಅದೂಲಿಸ್‌ನಿಂದ ಕೊಲೊಯೆ ಪಟ್ಟಣಕ್ಕೆ ಮೂರು ದಿನ, ಅಲ್ಲಿಂದ ಅಕ್ಸುಮ್‌ಗೆ ಐದು ದಿನ. ಒಳನಾಡಿನ ಆನೆದಂತ ಈ ದಾರಿಯಲ್ಲಿ ಇಳಿಯುತ್ತಿತ್ತು. ಭಾರತದ ಕಬ್ಬಿಣ ಮತ್ತು ಹತ್ತಿಬಟ್ಟೆ ಬಂದರಿಗೆ ಬಂದಿಳಿಯುತ್ತಿದ್ದವು. ದಂತ ತರುವವರಿಗೂ ಹೊರುವವರಿಗೂ ರಾಜಧಾನಿಯ ಜನರಿಗೂ ಅನ್ನ ಕೊಟ್ಟದ್ದು ಬೆಟ್ಟದ ರೈತರ ಹೊಲ.

ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಎಂಡುಬಿಸ್ ದೊರೆ ಸ್ವಂತ ನಾಣ್ಯ ಹೊರಡಿಸಿದನು. ಚಿನ್ನದ ನಾಣ್ಯದ ತೂಕ ರೋಮನರ ಅಳತೆಗೆ ಹೊಂದುತ್ತಿತ್ತು, ಅಕ್ಷರಗಳು ಗ್ರೀಕ್ ಭಾಷೆಯಲ್ಲಿದ್ದವು. ಏಕೆಂದರೆ ಅದನ್ನು ಎಣಿಸಿಕೊಳ್ಳುವವರು ಹೊರನಾಡಿನ ವರ್ತಕರು. ಯಮನ್‌ನಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ ಇಂತಹ ನೂರಾರು ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲೂ ಕೆಲವು ದೊರೆತಿವೆ. ತಾಮ್ರದ ನಾಣ್ಯಗಳದು ಬೇರೆ ಕಥೆ. ಅವು ಹೆಚ್ಚಾಗಿ ನಾಡಿನೊಳಗಿನ ಪೇಟೆಗಳಲ್ಲಿ ಓಡಾಡಿದವು. ಮುಂದೆ ಅವುಗಳ ಮೇಲೆ ಆ ನಾಡಿನ ಗೀಜ್ ಭಾಷೆಯ ಬರಹವೇ ಮೂಡಿತು. ಹಾಗಿದ್ದರೂ ಚಿನ್ನದ ನಾಣ್ಯದಲ್ಲಿ ದೊರೆಯ ಮುಖದ ಎರಡೂ ಬದಿಗೆ ಕೆತ್ತಿದ್ದು ಧಾನ್ಯದ ತೆನೆಗಳನ್ನು. ಸಮುದ್ರ ದಾಟುವ ಹಣ ಕೂಡ ತನ್ನ ಬೇರು ಹೊಲದಲ್ಲಿದೆ ಎಂದು ಹೇಳುತ್ತಿತ್ತು.

ಈ ವ್ಯವಸ್ಥೆ ಶಾಶ್ವತವಾಗಿರಲಿಲ್ಲ. ನಂತರದ ದೊರೆಗಳ ನಾಣ್ಯಗಳಲ್ಲಿ ಚಿನ್ನದ ಅಂಶ ಇಳಿಯುತ್ತಾ ಹೋಯಿತು. ಆರನೆಯ ಶತಮಾನದ ಕೊನೆಗೆ ಯಮನ್ ಪರ್ಶಿಯನ್ನರ ವಶವಾಯಿತು. ಏಳನೆಯ ಶತಮಾನದಲ್ಲಿ ನಾಣ್ಯ ಟಂಕಿಸುವುದೇ ನಿಂತಿತು, ಅದೂಲಿಸ್ ಮಂಕಾಯಿತು.

ಮುಹಾಜಿರರು ಹೋದದ್ದು ಈ ಇಳಿಗಾಲದಲ್ಲಿ. ರಾಜ್ಯದ ಸಂಪತ್ತು ಕುಗ್ಗಿತ್ತು, ಆದರೆ ಹಡಗಿನ ದಾರಿ ಇನ್ನೂ ತೆರೆದಿತ್ತು. ಯಾರಿಗೂ ಅನ್ಯಾಯವಾಗದ ದೊರೆಯ ನಾಡೆಂದು ಪ್ರವಾದಿ(ಸ)ರು ಅದನ್ನು ತೋರಿಸಿಕೊಟ್ಟರು. ಮಕ್ಕಾದ ಕುರೈಶರು ಉಡುಗೊರೆಗಳೊಂದಿಗೆ ಬಂದು ಮುಹಾಜಿರರನ್ನು ಒಪ್ಪಿಸಿರೆಂದು ಕೇಳಿದಾಗ ನಜ್ಜಾಶಿ ಆ ಉಡುಗೊರೆಗಳನ್ನು ಹಿಂತಿರುಗಿಸಿದನು. ಆಶ್ರಿತರನ್ನು ಬಿಟ್ಟುಕೊಡಲಿಲ್ಲ.